ಫೋನಿನಲ್ಲಿ ಕೇಳಿದ ಒಗ್ಗರಣೆ

ಕಳೆದ ವರ್ಷ ಆಟಿ ತಿಂಗಳ ಒಂದು ಭಾನುವಾರ ಆಫೀಸಿನ ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೆ. ಮಂಗಳೂರಿನಲ್ಲಿ ಮನೆ ಮಾಡಿ ಎರಡು ವರ್ಷ ಆಗಿತ್ತು, ಅಡುಗೆ ಒಂದು ಮಟ್ಟಕ್ಕೆ ಕೈಗೆ ಹತ್ತಿದೆ ಎನ್ನುವ ಧೈರ್ಯ ಬಂದಿತ್ತು. ಕುಚ್ಚಲಕ್ಕಿ ಅನ್ನ, ಅಲಸಂಡೆ ಪಲ್ಯ, ತೊವ್ವೆ, ಹಪ್ಪಳ. ದೊಡ್ಡ ಸಾಹಸವೇನಲ್ಲ. ಬೇಳೆ ಚೆನ್ನಾಗಿ ಬೆಂದಿತ್ತು, ಶುಂಠಿ ಮತ್ತು ಹಸಿಮೆಣಸಿನ ಹದ ಸರಿ ಇತ್ತು. ಕೊನೆಗೆ ಒಗ್ಗರಣೆ ಸುರಿದೆ. ಸುರಿದ ಕ್ಷಣವೇ ಮೂಗಿಗೆ ಗೊತ್ತಾಯಿತು. ಪಾತ್ರೆಯ ಮೇಲೆ ಇದ್ದಿಲ ಚೂರಿನ ಹಾಗೆ ಸಾಸಿವೆ ತೇಲುತ್ತಿತ್ತು, ಜೀರಿಗೆ ಬೀಡಿ ಸೇದಿದ ವಾಸನೆ ಹೊಡೆಯುತ್ತಿತ್ತು, ಬೇವಿನಸೊಪ್ಪು ಕಂದಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಬಂದವರು ಮರ್ಯಾದೆಯವರು, ಯಾರೂ ಏನೂ ಹೇಳಲಿಲ್ಲ. ಆದರೆ ತೊವ್ವೆ ಎರಡನೇ ಸಲ ಹಾಕಿಸಿಕೊಂಡವರೂ ಯಾರೂ ಇರಲಿಲ್ಲ.

ಸಂಜೆ ಉಡುಪಿಗೆ, ದೊಡ್ಡಮ್ಮನಿಗೆ ಫೋನ್ ಮಾಡಿದೆ. ಕತೆ ಪೂರ್ತಿ ಕೇಳುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಗ್ಯಾಸ್ ಯಾವಾಗ ಬಂದ್ ಮಾಡಿದ್ದು ನೀನು?"

"ಎಲ್ಲ ಹಾಕಿ ಆದಮೇಲೆ."

"ಹಾಂ. ಮತ್ತೆ ಹೊತ್ತದೆ ಎಂತ ಮಾಡ್ತದೆ ಮಾರಾಯ?"

ನನಗೆ ಆಗ ಅದು ಉತ್ತರ ಅಂತ ಅನ್ನಿಸಲಿಲ್ಲ. ಸಾಸಿವೆ ಸಿಡಿಯಬೇಕು, ಜೀರಿಗೆ ಹುರಿಯಬೇಕು, ಸೊಪ್ಪು ಗರಿಗರಿ ಆಗಬೇಕು, ಇಷ್ಟೂ ಆಗುವುದು ಬೆಂಕಿಯಿಂದ ತಾನೆ? ಬೆಂಕಿ ಆರಿಸಿದಮೇಲೆ ಉಳಿದದ್ದನ್ನು ಮಾಡುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಆ ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಲೀಟರಿನಷ್ಟು ತೆಂಗಿನೆಣ್ಣೆ ಹಾಳು ಮಾಡಿದ್ದೇನೆ. ಅದರ ಲೆಕ್ಕ ಒಪ್ಪಿಸುವುದಕ್ಕೆ ಈ ಬರಹ.

ಮೊದಲು ಸಾಸಿವೆಯ ವಿಷಯ. ಸಾಸಿವೆ ಸಿಡಿಯುವುದು ಅದರ ಒಳಗಿನ ನೀರಿನಿಂದ. ಒಣಗಿದ ಕಾಳಿನಲ್ಲೂ ಸ್ವಲ್ಪ ನೀರಿನ ಅಂಶ ಇದ್ದೇ ಇರುತ್ತದೆ. ಎಣ್ಣೆಯ ಕಾವಿಗೆ ಅದು ಆವಿಯಾಗಿ, ಹೊರಗೆ ಹೋಗಲು ದಾರಿ ಇಲ್ಲದೆ, ಸಿಪ್ಪೆಯನ್ನು ಒಡೆದುಕೊಂಡು ಬರುತ್ತದೆ. ನಮಗೆ ಕೇಳುವ "ಟಪ್" ಅದೇ. ಇಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಕಾವು ಕಾಳಿನ ಹೊಟ್ಟೆಯವರೆಗೆ ಇಳಿಯಬೇಕು, ಅಷ್ಟರೊಳಗೆ ಹೊರಗಿನ ಸಿಪ್ಪೆ ಕರಟಬಾರದು. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಕಾಳು ಬಿದ್ದ ತಕ್ಷಣ ಸಿಡಿಯುತ್ತದೆ ನಿಜ. ಆದರೆ ಮೊದಲು ಸಿಡಿದದ್ದು ಕೊನೆಯದು ಸಿಡಿಯುವ ಹೊತ್ತಿಗೆ ಸುಟ್ಟು ಕಹಿಯಾಗಿರುತ್ತದೆ. ಎಣ್ಣೆ ಕಾಯದೇ ಇದ್ದರೆ ಕಾಳು ತಳದಲ್ಲಿ ಸುಮ್ಮನೆ ಕೂತು, ಒಳಗಿನ ನೀರೆಲ್ಲ ನಿಧಾನಕ್ಕೆ ಸೋರಿಹೋಗಿ, ಕಡೆಗೆ ಎಷ್ಟು ಕಾಸಿದರೂ ಒಡೆಯುವುದಿಲ್ಲ. ಹಳೇ ಸಾಸಿವೆಯೂ ಹಾಗೆಯೇ. ಡಬ್ಬದ ತಳದಲ್ಲಿ ವರ್ಷಗಟ್ಟಲೆ ಉಳಿದದ್ದು ಅರ್ಧಕ್ಕರ್ಧ ಮೂಗ ಕಾಳು.

ನಮ್ಮ ಕರಾವಳಿಯವರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ನಾವು ಒಗ್ಗರಣೆ ಹಾಕುವುದು ಗಾಣದ ತೆಂಗಿನೆಣ್ಣೆಯಲ್ಲಿ. ಶುದ್ಧೀಕರಿಸದ ಈ ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಹೊಗೆಯಾಡಲು ಶುರು. ಸಾಸಿವೆ ಚೆನ್ನಾಗಿ ಸಿಡಿಯುವುದೂ ಅದರ ಆಸುಪಾಸಿನಲ್ಲೇ. ತುಪ್ಪವೋ, ಅಂಗಡಿಯ ಸೂರ್ಯಕಾಂತಿ ಎಣ್ಣೆಯೋ ಆದರೆ 200 ದಾಟಿದರೂ ತಡೆದುಕೊಳ್ಳುತ್ತದೆ, ನಡುವೆ ಕೈಯಾಡಿಸಲು ಜಾಗ ಇದೆ. ತೆಂಗಿನೆಣ್ಣೆಯಲ್ಲಿ ಆ ಜಾಗ ತೀರಾ ಇಕ್ಕಟ್ಟು. ಬೆಂಗಳೂರಿನ ಗೆಳೆಯನೊಬ್ಬ "ಎಣ್ಣೆ ಹೊಗೆ ಬಂದಮೇಲೆ ಸಾಸಿವೆ ಹಾಕು" ಅಂತ ಹೇಳಿಕೊಟ್ಟದ್ದನ್ನು ನಾನು ಇಲ್ಲಿ ಹಾಗೇ ಮಾಡಿದೆ. ಅವನ ಎಣ್ಣೆಗೆ ಅದು ನಡೆಯುತ್ತದೋ ಏನೋ. ನನ್ನ ಎಣ್ಣೆಗೆ ಹೊಗೆ ಬಂತು ಅಂದರೆ ಹೊತ್ತು ಮೀರಿತು ಅಂತಲೇ ಅರ್ಥ.

ಹಾಗಾದರೆ ಗುರುತು ಯಾವುದು? ದೊಡ್ಡಮ್ಮ ಮಾಡುವುದು ಹೀಗೆ: ಮಧ್ಯಮ ಉರಿಯಲ್ಲಿ ಎಣ್ಣೆ ಬಿಸಿಯಾಗಿ ತೆಳ್ಳಗೆ ಹರಿದಾಡಲು ಶುರುವಾದಾಗ ಒಂದೇ ಒಂದು ಕಾಳು ಹಾಕಿ ನೋಡುತ್ತಾರೆ. ಅದು ತಳ ಸೇರಿ ಸುಮ್ಮನಿದ್ದರೆ ಕಾಯಬೇಕು. ಬಿದ್ದ ಕೂಡಲೇ ಹಾರಿ ಕಪ್ಪಾದರೆ ಸೌಟನ್ನು ಉರಿಯಿಂದ ಎತ್ತಿ ಸ್ವಲ್ಪ ತಣಿಸಬೇಕು. ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು, ಎರಡು ಮೂರು ಎಣಿಸುವಷ್ಟರಲ್ಲಿ ಟಪ್ ಅಂದರೆ ಅದೇ ಹದ, ಉಳಿದದ್ದನ್ನು ಹಾಕಬಹುದು. ಸಣ್ಣ ಸಾಸಿವೆಗೆ ಈ ಲೆಕ್ಕ ಸರಿ. ದೊಡ್ಡ ಸಾಸಿವೆ ಆದರೆ ಒಂದೆರಡು ಎಣಿಕೆ ಜಾಸ್ತಿ ತಗೊಳ್ಳುತ್ತದೆ. ಎರಡನ್ನೂ ಬೆರೆಸಿ ಡಬ್ಬಕ್ಕೆ ತುಂಬಿಸಿಟ್ಟರೆ ಸಣ್ಣದು ಸುಟ್ಟು ದೊಡ್ಡದು ಹಸಿ ಉಳಿಯುತ್ತದೆ. ನಾನು ಅದನ್ನೂ ಮಾಡಿದ್ದೇನೆ.

ಹಸಿ ಉಳಿದರೆ ಏನು ನಷ್ಟ ಅಂತ ಕೇಳಬಹುದು. ಅನಾನಸಿನದ್ದೋ ಮಾವಿನಹಣ್ಣಿನದ್ದೋ ಸಾಸಿವೆ ಮಾಡುವಾಗ ನಾವು ತೆಂಗಿನಕಾಯಿ ಜತೆ ಹಸಿ ಸಾಸಿವೆಯನ್ನೇ ಅರೆಯುತ್ತೇವಲ್ಲ. ಅಲ್ಲಿ ಮೂಗಿಗೆ ಹೊಡೆಯುವ ಆ ಖಾರ ಬರುವುದು ಕಾಳನ್ನು ನೀರಿನ ಜತೆ ಜಜ್ಜಿದಾಗ ಮಾತ್ರ. ಒಳಗಿರುವ ಒಂದು ಕಿಣ್ವ ಆ ಖಾರವನ್ನು ಹುಟ್ಟಿಸುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವ ಸಾಯುತ್ತದೆ, ಅದಕ್ಕೇ ಸಿಡಿದ ಸಾಸಿವೆಗೆ ಖಾರ ಇಲ್ಲ, ಹುರಿದ ಬೀಜದ ರುಚಿ ಮಾತ್ರ. ಅರೆಬರೆ ಕಾದ ಕಾಳು ಎರಡೂ ಅಲ್ಲ. ತೊವ್ವೆ ಅನ್ನದ ನಡುವೆ ಹಲ್ಲಿಗೆ ಸಿಕ್ಕಿ ಕಹಿ ಮಾಡುವುದು ಅಷ್ಟೇ ಅದರ ಉಪಯೋಗ.

ಇನ್ನು ನನ್ನ ಮೂಲ ಪ್ರಶ್ನೆಗೆ ಬರುತ್ತೇನೆ. ಗ್ಯಾಸ್ ಬಂದ್ ಮಾಡಿದಮೇಲೆ ಕಾವು ಎಲ್ಲಿಂದ?

ಸೌಟಿನಿಂದ. ಇದು ನನಗೆ ಹೊಳೆದದ್ದು ಒಂದು ದಿನ ಸುಮ್ಮನೆ ಒಗ್ಗರಣೆ ಸೌಟನ್ನು ಅಡುಗೆ ತಕ್ಕಡಿಯ ಮೇಲೆ ಇಟ್ಟಾಗ. ಅಮ್ಮನ ಕಾಲದ ಕಬ್ಬಿಣದ ಸೌಟು, ಕಾರ್ಕಳದ ಸಂತೆಯಲ್ಲಿ ಕೊಂಡದ್ದಂತೆ. ಹಿಡಿಯ ಭಾರ ಬಿಟ್ಟು ಬಟ್ಟಲಿನ ಅಂದಾಜು ತೂಕ 180 ಗ್ರಾಂ. ಅದರಲ್ಲಿ ನಾನು ಹಾಕುವ ಎಣ್ಣೆ ಎರಡು ಟೀ ಚಮಚ, ಅಂದರೆ 9 ಗ್ರಾಂ. ಗ್ರಾಮಿಗೆ ಗ್ರಾಂ ನೋಡಿದರೆ ಎಣ್ಣೆ ಕಬ್ಬಿಣಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಶಾಖ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಬ್ಬಿಣ ಇರುವುದು 20 ಪಟ್ಟು. ಲೆಕ್ಕ ಹಾಕಿದರೆ ಸೌಟಿನ ಬಟ್ಟಲಲ್ಲಿ ಕೂತಿರುವ ಶಾಖ ಎಣ್ಣೆಯಲ್ಲಿರುವುದರ ನಾಲ್ಕೈದು ಪಾಲು. ಉರಿ ಆರಿಸಿದರೂ ಎಣ್ಣೆಯ ಕೆಳಗೆ ಒಂದು ಪುಟ್ಟ ಒಲೆ ಉರಿಯುತ್ತಲೇ ಇರುತ್ತದೆ ಅಂದ ಹಾಗೆ. ನಾನು ಅದರ ಮೇಲೆ ಇನ್ನೊಂದು ಒಲೆ ಉರಿಸುತ್ತಿದ್ದೆ.

ತೆಳು ಸ್ಟೀಲ್ ಸೌಟಿನಲ್ಲಿ ಈ ಉಳಿಕೆ ಶಾಖ ಕಡಿಮೆ, ಬೇಗ ತಣಿಯುತ್ತದೆ. ಹಾಗಂತ ಅದು ಸುಲಭ ಅಂತ ಅಲ್ಲ. ಉರಿಯ ನೇರಕ್ಕೆ ಇರುವ ಜಾಗ ಕೆಂಪಗೆ ಕಾದು, ಅಂಚು ತಣ್ಣಗೇ ಇರುತ್ತದೆ. ಎಣ್ಣೆಯೂ ಕಡಿಮೆ ಇದ್ದರೆ ಕಾಳುಗಳು ಎಣ್ಣೆಯಲ್ಲಿ ಮುಳುಗದೆ ಬರಿ ಲೋಹದ ಮೇಲೆ ಕೂತು ಕರಟುತ್ತವೆ. ಇದಕ್ಕೆ ನಮ್ಮ ಮನೆಗಳಲ್ಲಿ ಇರುವ ಉಪಾಯ ಸೌಟನ್ನು ಸ್ವಲ್ಪ ಓರೆ ಹಿಡಿಯುವುದು. ಎಣ್ಣೆ ಒಂದು ಬದಿಗೆ ಹೊಂಡವಾಗಿ ನಿಲ್ಲುತ್ತದೆ, ಕಾಳು ಪೂರ್ತಿ ಮುಳುಗುತ್ತದೆ. ಚಿಕ್ಕಂದಿನಲ್ಲಿ ಇದನ್ನು ನೋಡಿ ಕೈ ನೋವಾಗಿ ಹಾಗೆ ಹಿಡಿಯುತ್ತಾರೆ ಅಂದುಕೊಂಡಿದ್ದೆ.

ಜೀರಿಗೆಯ ಕತೆಯೇ ಬೇರೆ. ಅದು ಸಿಡಿಯುವ ಜಾತಿ ಅಲ್ಲ. ಸಾಸಿವೆಯ ಹಾಗೆ ದುಂಡಗಿನ ಗಟ್ಟಿ ಸಿಪ್ಪೆ ಇಲ್ಲ, ಆವಿ ಗೀರುಗಳಿಂದಲೇ ಹೊರಗೆ ಹೋಗುತ್ತದೆ. "ಜೀರಿಗೆ ಚಟಪಟ ಅನ್ನಲಿ" ಅಂತ ಬರೆದಿರುವ ಪಾಕವಿಧಾನ ನೋಡಿದಾಗೆಲ್ಲ ನನಗೆ ಸಂಶಯ, ಬರೆದವರು ಜೀರಿಗೆಗೆ ಕಿವಿ ಕೊಟ್ಟಿದ್ದಾರಾ ಅಂತ. ಅದು ಹೇಳುವುದು "ಸುಯ್ಯ್" ಅಂತ ಮಾತ್ರ. ಕಾಳಿನ ಸುತ್ತ ನೊರೆ ಏಳುತ್ತದೆ, ಮೈ ಉಬ್ಬುತ್ತದೆ, ಮಣ್ಣಿನ ಬಣ್ಣ ಒಂದು ಛಾಯೆ ಗಾಢವಾಗುತ್ತದೆ, ಪರಿಮಳ ಹಸಿಯಿಂದ ಹುರಿದದ್ದಕ್ಕೆ ತಿರುಗುತ್ತದೆ. ಇಷ್ಟಕ್ಕೆ ಐದಾರು ಎಣಿಕೆ ಸಾಕು. ಚಟಪಟ ಬರಲಿ ಅಂತ ಕಾಯುತ್ತ ಕೂತರೆ ಬರುವುದು ಬೀಡಿ ವಾಸನೆ. ನನ್ನ ಆ ಭಾನುವಾರದ ತೊವ್ವೆಯ ಅರ್ಧ ಪಾಪ ಇಲ್ಲೇ ಇತ್ತು. ಸಾಸಿವೆ ಜತೆಗೇ ಜೀರಿಗೆ ಹಾಕಿ ಎರಡೂ ಸಿಡಿಯಲಿ ಅಂತ ನೋಡುತ್ತಿದ್ದೆ.

ಬೇವಿನಸೊಪ್ಪು. ಘಟ್ಟದ ಮೇಲಿನವರು ಕರಿಬೇವು ಅನ್ನುತ್ತಾರೆ, ನಮ್ಮಲ್ಲಿ ಬೇವಿನಸೊಪ್ಪು ಅಂದರೆ ಇದೇ. ಯುಗಾದಿಗೆ ಬೇಕಾದದ್ದು ಕಹಿಬೇವು. ನನ್ನ ಬೆಂಗಳೂರಿನ ಗೆಳೆಯ ಮೊದಲ ಸಲ ನಮ್ಮ ಮನೆಗೆ ಬಂದಾಗ "ಬೇವಿನಸೊಪ್ಪು ಹಾಕಿದ ಸಾರು" ಅಂತ ಕೇಳಿ ಮುಖ ಹುಳಿ ಮಾಡಿಕೊಂಡದ್ದು ಈಗಲೂ ತಮಾಷೆ.

ಈ ಸೊಪ್ಪು ಪರಿಮಳಕ್ಕೆ ಅಂತ ಎಲ್ಲರಿಗೂ ಗೊತ್ತು. ಅದು ಒಗ್ಗರಣೆಯ ಬ್ರೇಕು ಅಂತ ನನಗೆ ಗೊತ್ತಾದದ್ದು ತಡವಾಗಿ. ಹಸಿ ಎಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ತಣ್ಣೀರನ್ನು ಕುದಿಯುವ ತನಕ ಕಾಸಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಅದರ ಐದು ಪಟ್ಟಿಗೂ ಹೆಚ್ಚು ಬೇಕು. ಹತ್ತು ಎಲೆ ಎಣ್ಣೆಗೆ ಬಿದ್ದರೆ ಅವುಗಳ ನೀರು ಆವಿಯಾಗುತ್ತ ಆ ಶಾಖವನ್ನು ಎಣ್ಣೆಯಿಂದ, ಸೌಟಿನಿಂದ ಎಳೆದುಕೊಳ್ಳುತ್ತದೆ. ನಾವು ಕೇಳುವ ಆ ಛರ್ ಅನ್ನುವ ಅಬ್ಬರ ಎಣ್ಣೆ ತಣಿಯುವ ಸದ್ದು. ಅಷ್ಟರಲ್ಲಿ ಜೀರಿಗೆ ಇನ್ನೇನು ಕಪ್ಪಾಗುವ ಅಂಚಿನಲ್ಲಿ ಇರುತ್ತದೆ, ಸೊಪ್ಪು ಬಂದು ಅದನ್ನು ತಡೆಯುತ್ತದೆ. ಸಾಸಿವೆ, ಆಮೇಲೆ ಜೀರಿಗೆ, ಆಮೇಲೆ ಸೊಪ್ಪು ಅನ್ನುವ ಕ್ರಮ ಸಂಪ್ರದಾಯ ಅಂತ ತಿಳಿದಿದ್ದೆ. ನೋಡಿದರೆ ಅದು ಇಳಿಜಾರಿನಲ್ಲಿ ಗಾಡಿ ಇಳಿಸುವ ಕ್ರಮ. ಹೆಚ್ಚು ಕಾವು ಬೇಕಾದದ್ದು ಮೊದಲು, ಕಾವನ್ನು ನುಂಗುವುದು ಕೊನೆಗೆ.

ಇದರಿಂದ ಇನ್ನೊಂದು ಸಂಗತಿ ತಾನಾಗಿ ಸಿಕ್ಕಿತು. ಫ್ರಿಜ್ಜಿನಲ್ಲಿ ಎರಡು ವಾರ ಇದ್ದು ಒಣಗಿ ಸುರುಟಿದ ಸೊಪ್ಪು ಯಾಕೆ ಹಾಕಿದ ಕ್ಷಣಕ್ಕೇ ಕಂದುತ್ತದೆ ಅಂತ. ಅದರಲ್ಲಿ ನೀರೇ ಇಲ್ಲ, ಬ್ರೇಕು ಇಲ್ಲ. ಅಂಥ ಸೊಪ್ಪನ್ನು ನಾನೀಗ ಎಣ್ಣೆಗೆ ಹಾಕುವುದೇ ಇಲ್ಲ, ಬೇಳೆ ಕುದಿಯುವಾಗ ಹಾಕಿಬಿಡುತ್ತೇನೆ. ಅದರ ಎದುರು ತುದಿಯಲ್ಲಿ ಮಳೆಗಾಲದ ಸೊಪ್ಪು. ಬಾಲ್ಕನಿಯ ಕುಂಡದಿಂದ ಕಿತ್ತರೆ ಎಲೆಯ ಮೇಲೆಲ್ಲ ಹನಿ. ಎಲೆಯೊಳಗಿನ ನೀರು ನಿಧಾನಕ್ಕೆ ಹೊರಬರುತ್ತದೆ, ಮೇಲಿನ ಹನಿ ಹಾಗಲ್ಲ. ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿದು ಒಂದೇ ಏಟಿಗೆ ಆವಿಯಾಗಿ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ನನ್ನ ಬಲ ಮಣಿಕಟ್ಟಿನ ಮೇಲೆ ಮೂರು ಸಣ್ಣ ಕಲೆ ಇವೆ, ಮೂರೂ ಜುಲೈ ತಿಂಗಳವು. ಈಗ ಎಲೆಗಳನ್ನು ಕಡ್ಡಿಯಿಂದ ಬಿಡಿಸಿ, ಬೈರಾಸಿನಲ್ಲಿ ಒತ್ತಿ, ಬೇಳೆ ಬೇಯುವಷ್ಟು ಹೊತ್ತು ತಟ್ಟೆಯಲ್ಲಿ ಹರಡಿಡುತ್ತೇನೆ. ಹೊರಗೆ ಒಣಗಿರಬೇಕು, ಒಳಗೆ ಹಸಿ ಇರಬೇಕು.

ಇಷ್ಟೆಲ್ಲ ತಿಳಿದಮೇಲೂ ಕೈ ಕೂಡಿಬಂದದ್ದು ಪುಸ್ತಕದ ಬುದ್ಧಿಯಿಂದ ಅಲ್ಲ, ದೊಡ್ಡಮ್ಮನ ಕಿವಿಯಿಂದ. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ, ಶಸ್ತ್ರಚಿಕಿತ್ಸೆ ಆದಮೇಲೂ ಸಣ್ಣ ವಸ್ತು ಮಸುಕು. ಒಗ್ಗರಣೆಯನ್ನು ಅವರು ಪೂರ್ತಿ ಕೇಳಿಯೇ ಮಾಡುತ್ತಾರೆ. ಹಾಗಾಗಿ ಒಂದು ಭಾನುವಾರ "ಫೋನು ಸ್ಪೀಕರಿಗೆ ಹಾಕಿ ಒಲೆ ಹತ್ತಿರ ಇಡು, ನಾನು ಹೇಳ್ತೇನೆ" ಅಂದರು. ಮತ್ತೆ ತೊವ್ವೆಯೇ. ನಾಲ್ಕು ಜನಕ್ಕೆ ಒಂದು ಲೋಟ ತೊಗರಿಬೇಳೆ ಬೆಂದು ಕೂತಿತ್ತು. ಒಲೆಯ ಪಕ್ಕದ ತಟ್ಟೆಯಲ್ಲಿ ಅರ್ಧ ಚಮಚ ಸಾಸಿವೆ, ಅರ್ಧ ಚಮಚ ಜೀರಿಗೆ, ಮುರಿದ ಒಂದು ಬ್ಯಾಡಗಿ ಮೆಣಸು, ಹತ್ತು ಎಲೆ ಸೊಪ್ಪು, ಚಿಟಿಕೆ ಇಂಗು. ಎಲ್ಲ ಕೈಯಳತೆಯಲ್ಲಿ ಇರಲೇಬೇಕು. ಇಲ್ಲಿ ಡಬ್ಬದ ಮುಚ್ಚಳ ತೆಗೆಯುವಷ್ಟು ಪುರುಸೊತ್ತೂ ಸಿಗುವುದಿಲ್ಲ.

ಸಣ್ಣ ಬರ್ನರ್, ಮಧ್ಯಮ ಉರಿ, ಎರಡು ಚಮಚ ಎಣ್ಣೆ. ಪರೀಕ್ಷೆಯ ಕಾಳು ಮೂರಕ್ಕೆ ಟಪ್ ಅಂತು. ಉಳಿದದ್ದು ಹಾಕಿದೆ. ಒಂದೆರಡು ಕ್ಷಣ ಏನೂ ಇಲ್ಲ. ತಣ್ಣಗಿನ ಕಾಳು ಬಿದ್ದು ಎಣ್ಣೆ ಸ್ವಲ್ಪ ಇಳಿಯುತ್ತದೆ, ಅಲ್ಲೇ ನಾನು ಯಾವಾಗಲೂ ಗಾಬರಿಯಾಗಿ ಉರಿ ಏರಿಸುತ್ತಿದ್ದದ್ದು.

"ಮುಟ್ಟಬೇಡ ಗ್ಯಾಸ್," ಅಂದರು ದೊಡ್ಡಮ್ಮ, ನೋಡುತ್ತಿದ್ದಾರೋ ಎಂಬಂತೆ.

ಒಂದು ಟಪ್. ಇನ್ನೊಂದು. ಮತ್ತೆ ಒಮ್ಮೆಲೇ ಮಾಲೆ ಪಟಾಕಿ. ಸಣ್ಣ ತಟ್ಟೆಯೊಂದನ್ನು ಮೇಲಿಂದ ಓರೆಯಾಗಿ ಹಿಡಿದೆ, ಆವಿ ಹೋಗಲು ಒಂದು ಬದಿ ತೆರೆದಿಟ್ಟು. ಪೂರ್ತಿ ಮುಚ್ಚಿದರೆ ತಟ್ಟೆಯ ಅಡಿಯಲ್ಲಿ ನೀರು ಕಟ್ಟಿ ಮತ್ತೆ ಎಣ್ಣೆಗೇ ತೊಟ್ಟಿಕ್ಕುತ್ತದೆ. ಪಟಾಕಿ ಜೋರಾಗಿದ್ದಾಗಲೇ ಮೆಣಸು ಹಾಕಿದೆ. ನಾನು ಸದ್ದು ಪೂರ್ತಿ ನಿಲ್ಲಲಿ ಅಂತ ಕಾಯುತ್ತಿದ್ದೆ.

"ಈಗ ಬಂದ್ ಮಾಡು."

"ಇನ್ನೂ ಸಿಡೀತಾ ಉಂಟಲ್ಲ?"

"ಅದಕ್ಕೇ ಹೇಳಿದ್ದು. ಬಂದ್ ಮಾಡು."

ಮಾಲೆ ಪಟಾಕಿ ಕೊನೆಗೆ ಬಂದಾಗ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಬಿಡುವು ಬೀಳುತ್ತದಲ್ಲ, ಆ ಬಿಡುವು ಶುರುವಾಗಿತ್ತು ಅಷ್ಟೇ. ಮುಕ್ಕಾಲು ಪಾಲು ಕಾಳು ಒಡೆದಿತ್ತು. ಉರಿ ಆರಿಸಿದೆ. ಸೌಟಿನ ಕಾವಿಗೆ ಉಳಿದವು ಒಂದೊಂದಾಗಿ ಸಿಡಿಯುತ್ತಲೇ ಇದ್ದವು. ಜೀರಿಗೆ ಹಾಕಿದೆ. ಸುಯ್ಯ್ ಅಂತು. ಆಚೆಯಿಂದ ದೊಡ್ಡಮ್ಮ "ಒಂದು, ಎರಡು, ಮೂರು, ನಾಲ್ಕು" ಅಂತ ಮೆಲ್ಲಗೆ ಎಣಿಸುವುದು ಕೇಳುತ್ತಿತ್ತು. ಐದಕ್ಕೆ ಇಂಗು, ಅದರ ಹಿಂದೆಯೇ ಸೊಪ್ಪು. ಛರ್ ಅನ್ನುವ ಅಬ್ಬರಕ್ಕೆ ಫೋನಿನ ಸ್ಪೀಕರ್ ಒಡಕು ಸದ್ದು ಮಾಡಿತು.

ಇನ್ನು ಸುರಿಯಲು ಹೊರಟೆ. "ತಡಿ, ಸೊಪ್ಪು ಮಾತು ನಿಲ್ಲಿಸ್ಲಿ," ಅಂದರು. ಎಲೆಯಲ್ಲಿ ನೀರು ಇರುವ ತನಕ ಅದು ಗಲಾಟೆ ಮಾಡುತ್ತದೆ, ಗಲಾಟೆ ಮಾಡುವ ತನಕ ಸುಡುವುದಿಲ್ಲ. ಸದ್ದು ಇಳಿಯುತ್ತ ಬಂದು ಗುಳ್ಳೆ ಕಡಿಮೆಯಾದಾಗ ಎಲೆ ನೋಡಿದೆ. ಬಣ್ಣ ಗಾಢ ಹಸಿರು, ಗಾಜಿನ ಹಾಗೆ ಅರೆಪಾರದರ್ಶಕ, ಬೆರಳಿಗೆ ತಾಗಿಸಿದರೆ ಗರಿ. ಈ ಘಟ್ಟ ದಾಟಿದರೆ ಕಂದು ಬಣ್ಣ, ಆಮೇಲೆ ವಾಪಸು ಇಲ್ಲ. ಸೌಟನ್ನು ಹಿಡಿ ಸಮೇತ ತೊವ್ವೆಯೊಳಗೆ ಮುಳುಗಿಸಿ ಮುಚ್ಚಳ ಹಾಕಿದೆ. ಸುರಿಯುವುದಕ್ಕಿಂತ ಮುಳುಗಿಸುವುದು ಮೇಲು ಅಂತ ಆಮೇಲೆ ಯೋಚಿಸಿದರೆ ಅರ್ಥವಾಯಿತು. ಆ ಕಬ್ಬಿಣದ ಕಾವು ಬೇಳೆಗೆ ಹೋಗಿಬಿಡುತ್ತದೆ, ಸೌಟಿನ ತಳಕ್ಕೆ ಅಂಟಿಕೊಂಡ ನಾಲ್ಕು ಜೀರಿಗೆ ಸುಡುವುದು ತಪ್ಪುತ್ತದೆ.

ಈ ಕ್ರಮ ಎಲ್ಲ ಕಡೆಗೂ ನಡೆಯುವುದಿಲ್ಲ. ಪಲ್ಯಕ್ಕೆ ಉದ್ದಿನಬೇಳೆ ಬೇಕು. ಅದು ಕೆಂಪಗಾಗಲು ತುಂಬ ಹೊತ್ತು ಬೇಕಾದ್ದರಿಂದ ನಾನು ಸಾಸಿವೆಗೆ ಮೊದಲೇ ಸಣ್ಣ ಉರಿಯಲ್ಲಿ ಹಾಕುತ್ತೇನೆ, ಬಾಣಲೆಯ ಕಾವು ಇನ್ನೊಂದೇ ಲೆಕ್ಕ. ಇಂಡಕ್ಷನ್ ಒಲೆಯ ಮೇಲೆ ಒಗ್ಗರಣೆ ಸೌಟು ಇಟ್ಟು ಸೋತವರು ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರಿದ್ದಾರೆ. ತಳ ತೀರಾ ಚಿಕ್ಕದಾದರೆ ಎಷ್ಟೋ ಒಲೆಗಳಿಗೆ ಪಾತ್ರೆ ಇದೆ ಅಂತಲೇ ತಿಳಿಯುವುದಿಲ್ಲ. ಅವರಿಗೆ ಸಣ್ಣ ಕಬ್ಬಿಣದ ಕಾವಲಿಯೇ ದಾರಿ.

ಮತ್ತೆ, ಸುಟ್ಟರೆ? ಈಗಲೂ ಸುಡುತ್ತದೆ, ತಿಂಗಳಿಗೊಮ್ಮೆಯಾದರೂ. ಯಾರೋ ಬಾಗಿಲು ತಟ್ಟುತ್ತಾರೆ, ಕುಕ್ಕರ್ ಕೂಗುತ್ತದೆ. ಆಗ ನಾನು ಮಾಡುವುದು ಮೊದಲು ಮಾಡದೇ ಇದ್ದದ್ದು. ಸೌಟನ್ನು ಪಕ್ಕಕ್ಕಿಟ್ಟು, ತಣಿದಮೇಲೆ ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಹೊಸದಾಗಿ ಎರಡು ಚಮಚ ಎಣ್ಣೆ ಇಡುವುದು. ಸುಟ್ಟ ಎಣ್ಣೆಯ ಕಹಿಗೆ ಬೆಲ್ಲವೂ ಇಲ್ಲ, ಹುಳಿಯೂ ಇಲ್ಲ. ಆ ಆಟಿಯ ಭಾನುವಾರ ಹತ್ತು ರೂಪಾಯಿಯ ಎಣ್ಣೆಗೆ ಜಿಪುಣತನ ಮಾಡಿ ಒಂದು ಪಾತ್ರೆ ತೊವ್ವೆ ಕೆಡಿಸಿದ್ದೆ.

ಫೋನಿನ ದಿನ ಮುಚ್ಚಳ ತೆಗೆದಾಗ ಬಂದ ಪರಿಮಳದ ಬಗ್ಗೆ ದೊಡ್ಡಮ್ಮನಿಗೆ ವರ್ಣಿಸಲು ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

"ಅದಿರಲಿ. ಸೊಪ್ಪು ಹಾಕುವಾಗ ಒಂದು ಎಲೆ ಒದ್ದೆ ಇತ್ತು. ಕೈಗೆ ಹಾರಿತಾ?"

ಹಾರಿತ್ತು. ಎಡಗೈ ಹೆಬ್ಬೆರಳಿಗೆ, ನಾಲ್ಕನೆಯ ಕಲೆ.